4G+ ಅಂತ ತೋರಿಸುತ್ತೆ, ಬ್ಯಾಂಡೂ ಸೇರುತ್ತೆ, ಆದ್ರೆ ಸೆಲ್ ಅಂಚಲ್ಲಿ ಸ್ಪೀಡ್ ಏರೋದೇ ಇಲ್ಲ. ಯಾಕೆ?

ಮೂಲೆಮನೆ_ವೈಫೈ
ಎಲ್ರಿಗೂ ನಮಸ್ಕಾರ. ಮೂರು ಬ್ಯಾಂಡ್ ಸೇರಿಸೋ ಸಾಮರ್ಥ್ಯ ಇರೋ 4ಜಿ ರೂಟರ್ ಇದೆ. ಟವರ್ ತುಂಬಾ ದೂರ, ಸೆಲ್‌ನ ಅಂಚು ಅಂತಲೇ ಹೇಳಬೇಕು. ರೂಟರ್ ಪುಟದಲ್ಲಿ ಕಾಣೋದು ಇಷ್ಟು, RSRP ಅಂದ್ರೆ ಸಿಗ್ನಲ್ ಬಲ, SINR ಅಂದ್ರೆ ಗದ್ದಲಕ್ಕೆ ಹೋಲಿಸಿದ್ರೆ ಸಿಗ್ನಲ್ ಎಷ್ಟು ಅನ್ನೋದು:

ಬ್ಯಾಂಡ್ 20 (800), ಅಗಲ 10 ಮೆಗಾಹರ್ಟ್ಸ್, RSRP -112, SINR 2
ಬ್ಯಾಂಡ್ 3 (1800), ಅಗಲ 20 ಮೆಗಾಹರ್ಟ್ಸ್, RSRP -121, SINR -2
ಬ್ಯಾಂಡ್ 7 (2600), ಅಗಲ 20 ಮೆಗಾಹರ್ಟ್ಸ್, RSRP -127, ಒಂದು ಸಲ ಕಾಣುತ್ತೆ, ಇನ್ನೊಂದು ಸಲ ಇಲ್ಲ

4G+ ಚಿಹ್ನೆ ಹೊತ್ತಿಕೊಂಡೇ ಇರುತ್ತೆ. ಡೌನ್‌ಲೋಡ್ ಮಾತ್ರ 8ರಿಂದ 10 ಎಂಬಿಪಿಎಸ್, ಅಪ್‌ಲೋಡ್ 1ರ ಆಸುಪಾಸು. ಬ್ಯಾಂಡ್ 3 ಎರಡರಷ್ಟು ಅಗಲ ಇದೆಯಲ್ಲ ಅಂತ ಅದೊಂದನ್ನೇ ಲಾಕ್ ಮಾಡಿದ್ರೆ 4ಕ್ಕೆ ಇಳಿಯುತ್ತೆ, ಅಪ್‌ಲೋಡ್ ಸತ್ತೇಹೋಗುತ್ತೆ. ಇದೇ ರೂಟರ್ ಟವರ್ ಹತ್ರ 300 ದಾಟುತ್ತೆ. ಬ್ಯಾಂಡ್ ಸೇರಿಸೋದು ಸ್ಪೀಡ್‌ಗೋಸ್ಕರ ತಾನೇ? ಸ್ಪೀಡ್ ಬೇಕಾಗಿರೋ ಜಾಗದಲ್ಲೇ ಯಾಕೆ ಕೈಕೊಡುತ್ತೆ?

ಸುಮ್ನೆ_ನೋಡ್ತಿದ್ದೆ
ಟವರ್ ಫುಲ್ ಲೋಡ್ ಇರಬೇಕು. ನಡುರಾತ್ರಿ ಟೆಸ್ಟ್ ಮಾಡಿ.

ಮೂಲೆಮನೆ_ವೈಫೈ
ರಾತ್ರಿ 2 ಗಂಟೆಗೂ ಅಷ್ಟೇ ಸಾರ್. ಒಂದೆರಡು ಎಂಬಿಪಿಎಸ್ ಆಚೀಚೆ.

ಕಂಬಿ_ಕಿಟ್ಟಿ
ಗುರು, ಎರಡು ಬ್ಯಾಂಡ್ ಸೇರಿದ್ರೆ ಎರಡರ ಸಿಗ್ನಲ್ಲೂ ಸೇರಿ ಗಟ್ಟಿಯಾಗಬೇಕು. -112 ಮತ್ತು -121 ಸೇರಿಸಿದ್ರೆ ಕನಿಷ್ಠ -105ರ ಥರ ನಡ್ಕೋಬೇಕು. ಹಾಗಾಗ್ತಿಲ್ಲ ಅಂದ್ರೆ ರೂಟರ್‌ನ ಫರ್ಮ್‌ವೇರ್ ಸರಿ ಇಲ್ಲ. ಅಪ್‌ಡೇಟ್ ಮಾಡಿ.

ಡೆಸಿಬಲ್_ದಾಸ
ಕಿಟ್ಟಿ, ಸಿಗ್ನಲ್ ಸೇರೋದೇ ಇಲ್ಲ ಮಾರಾಯ. ಕ್ಯಾರಿಯರ್ ಅಗ್ರಿಗೇಶನ್‌ನಲ್ಲಿ ಪ್ರತಿ ಬ್ಯಾಂಡೂ ತನ್ನದೇ ಡೇಟಾ ಹೊತ್ಕೊಂಡು ಬರುತ್ತೆ. ಬ್ಯಾಂಡ್ 20ರ ಬಿಟ್‌ಗಳನ್ನ ಬ್ಯಾಂಡ್ 20ರ SINRನಲ್ಲೇ ಬಿಡಿಸಬೇಕು, ಬ್ಯಾಂಡ್ 3ರದ್ದನ್ನ ಅದರದ್ದರಲ್ಲೇ. ಒಂದರ ಬಲ ಇನ್ನೊಂದಕ್ಕೆ ಒದಗೋದಿಲ್ಲ. ಸೇರೋದು ಕೊನೆಗೆ ಬಂದ ಬಿಟ್‌ಗಳು ಮಾತ್ರ. ಫರ್ಮ್‌ವೇರ್ ಏನೂ ತಪ್ಪು ಮಾಡಿಲ್ಲ.

ಮೂಲೆಮನೆಯವರು ಕೊಟ್ಟ ಅಂಕಿಗಳೇ ಕಥೆ ಹೇಳ್ತಿವೆ. ಮೂರೂ ಒಂದೇ ಕಂಬದಿಂದ, ಒಂದೊಂದೂ 40 ವಾಟ್‌ನಲ್ಲಿ ಬರ್ತಿವೆ ಅಂತಿಟ್ಕೊಳ್ಳಿ. 800ರಿಂದ 1800ಕ್ಕೆ ಹೋದ್ರೆ ಬರೀ ಬಯಲಲ್ಲೇ 7 ಡಿಬಿ ನಷ್ಟ. ಜೊತೆಗೆ ಅದೇ 40 ವಾಟ್ ಎರಡರಷ್ಟು ಅಗಲಕ್ಕೆ ಹಂಚಿಹೋಗುತ್ತಲ್ಲ, RSRP ಅಳೆಯೋದು ಒಂದೊಂದು ಸಬ್‌ಕ್ಯಾರಿಯರ್‌ನಲ್ಲಿ, ಹಾಗಾಗಿ ಅಲ್ಲಿ ಇನ್ನೊಂದು 3 ಡಿಬಿ. ಒಟ್ಟು 10. ನಿಮಗೆ ಕಾಣ್ತಿರೋದು 9. ಬ್ಯಾಂಡ್ 7ಕ್ಕೆ ಇದೇ ಲೆಕ್ಕದಲ್ಲಿ 13 ಬರುತ್ತೆ, ನಿಮ್ಮಲ್ಲಿ 15 ಇದೆ, ಗೋಡೆ ತನ್ನ ಪಾಲು ತಿಂದಿದೆ. ಅಸಹಜ ಅನ್ನೋದು ಯಾವುದೂ ಇಲ್ಲ.

ಈಗ ಸ್ಪೀಡ್. ಟವರ್ ಬುಡದಲ್ಲಿ 64 ಕ್ವಾಮ್, ಎರಡು ಆಂಟೆನಾ ಲೆಕ್ಕಕ್ಕೆ 75 + 150 + 150, ಅಂದ್ರೆ 375. ಬಾಕ್ಸ್ ಮೇಲೆ ಅಚ್ಚು ಹಾಕಿರೋದು ಆ ಥರದ ಅಂಕಿನೇ. ನಿಮ್ಮ ಜಾಗದಲ್ಲಿ ಶಾನನ್ ಸೂತ್ರ ಹಾಕಿ, ಅದರಲ್ಲಿ ಮೂರನೇ ಎರಡು ಪಾಲು ಕೈಗೆ ಸಿಗುತ್ತೆ ಅಂತ ಹಿಡಿಯಿರಿ. SINR 2 ಇರೋ 10 ಮೆಗಾಹರ್ಟ್ಸ್ ಸುಮಾರು 9 ಎಂಬಿಪಿಎಸ್ ಕೊಡುತ್ತೆ. SINR -2 ಇರೋ 20 ಮೆಗಾಹರ್ಟ್ಸೂ ಸುಮಾರು 9. ಇಡೀ ಸೆಲ್ ನಿಮ್ಮೊಬ್ಬರಿಗೇ ಸಿಕ್ಕಿದಾಗಿನ ಮಾತಿದು. ಎರಡೂ ಪೂರ್ತಿ ಓಡಿದ್ರೆ 18. ನಿಮಗೆ 8ರಿಂದ 10 ಬರ್ತಿದೆ ಅಂದ್ರೆ ಬಹುಶಃ ಓಡ್ತಿರೋದು ಒಂದೇ.

ಟವರ್_ತಿಮ್ಮ
ಇದನ್ನೇ ಎಷ್ಟು ಸಲ ಹೇಳೋದು. ಅಂಚಲ್ಲಿ ಕ್ಯಾರಿಯರ್ ಅಗ್ರಿಗೇಶನ್, ಅಂದ್ರೆ ಸಿಎ, ದಂಡ. ಆಫ್ ಮಾಡಿ ಬ್ಯಾಂಡ್ 20ಕ್ಕೆ ಲಾಕ್ ಮಾಡಿ ನೆಮ್ಮದಿಯಾಗಿರಿ.

ಆರ್‌ಎಫ್_ರಾಧಿಕಾ
ತಿಮ್ಮಣ್ಣ, ದಂಡ ಅನ್ನೋದು ಜಾಸ್ತಿ ಆಯ್ತು. ಮೇಲಿನ ಲೆಕ್ಕ ಇನ್ನೊಂದ್ಸಲ ನೋಡಿ. 9ರ ಜೊತೆ 9 ಸೇರಿದ್ರೆ ಎರಡರಷ್ಟು. ಟವರ್ ಹತ್ರ ಇರೋರಿಗೆ 75ರ ಮೇಲೆ ಒಂದು 150 ಬಂದ್ರೂ ಬಳಕೆಯಲ್ಲಿ ದೊಡ್ಡ ವ್ಯತ್ಯಾಸ ಗೊತ್ತಾಗಲ್ಲ. 9 ಇದ್ದದ್ದು 18 ಆದ್ರೆ ವಿಡಿಯೋ ತಡವರಿಸೋದು ನಿಲ್ಲುತ್ತೆ. ಅನುಪಾತದಲ್ಲಿ ನೋಡಿದ್ರೆ ಅಂಚಿನವರಿಗೂ ಲಾಭ ಇದೆ, ಆದ್ರೆ ಸಣ್ಣದಕ್ಕೆ ಸಣ್ಣದು ಸೇರುತ್ತೆ. ಪಕ್ಕದ ಸೆಲ್‌ನ ಗಲಾಟೆಯಿಂದ ಕೆಟ್ಟ SINR ಎಷ್ಟು ಬ್ಯಾಂಡ್ ಸೇರಿಸಿದ್ರೂ ಒಂದು ಡಿಬಿ ಕೂಡ ಸುಧಾರಿಸಲ್ಲ. ಅದು ಬೇರೆ ರೋಗ, ಮದ್ದೂ ಬೇರೆ.

ನಿಜವಾದ ಪ್ರಶ್ನೆ ಅಂದ್ರೆ, ಆ ಎರಡನೇ 9 ನಿಮ್ಮ ಕೈಗೆ ಬರೋಕೆ ನೆಟ್‌ವರ್ಕ್ ಬಿಡುತ್ತಾ? ಎರಡನೇ ಬ್ಯಾಂಡ್ ಬರೋದು ಎರಡು ಹಂತದಲ್ಲಿ. ಮೊದಲು ಬೇಸ್ ಸ್ಟೇಷನ್ ಒಂದು ಆರ್‌ಆರ್‌ಸಿ ಸಂದೇಶ ಕಳಿಸಿ "ಇದು ನಿನ್ನ ಸೆಕೆಂಡರಿ ಸೆಲ್" ಅಂತ ಗೊತ್ತುಮಾಡುತ್ತೆ. ಆಮೇಲೆ ಡೇಟಾ ರಾಶಿ ಬಿದ್ದಾಗ ಮ್ಯಾಕ್ ಮಟ್ಟದ ಸಣ್ಣ ಆದೇಶ ಕೊಟ್ಟು ಅದನ್ನ ಎಬ್ಬಿಸುತ್ತೆ. ಸ್ವಲ್ಪ ಹೊತ್ತು ಅದರ ಮೇಲೆ ಡೇಟಾ ಹೋಗದಿದ್ರೆ ಟೈಮರ್ ಮುಗಿದು ಮತ್ತೆ ಮಲಗುತ್ತೆ. 4G+ ಚಿಹ್ನೆ ಬಹಳ ಸಾಧನಗಳಲ್ಲಿ ಮೊದಲ ಹಂತಕ್ಕೇ ಹೊತ್ತಿಕೊಳ್ಳುತ್ತೆ. ಎರಡನೆಯದು ಆಯ್ತೋ ಇಲ್ವೋ ಅದಕ್ಕೆ ಗೊತ್ತಿರಲ್ಲ.

ಇನ್ನೊಂದು, ಸೆಕೆಂಡರಿಯ ಬಲ ಒಂದು ಗೆರೆಗಿಂತ ಕೆಳಗೆ ಇಳಿದ್ರೆ ರೂಟರ್ ಅದನ್ನ ವರದಿ ಮಾಡುತ್ತೆ, ಎ2 ಇವೆಂಟ್ ಅಂತೀವಲ್ಲ ಅದು. ನೆಟ್‌ವರ್ಕ್ ಆ ಸೆಲ್‌ನ ಕಿತ್ತುಹಾಕುತ್ತೆ. ಗೆರೆ ಎಲ್ಲಿ ಹಾಕಬೇಕು ಅನ್ನೋದು ಆಪರೇಟರ್‌ಗೆ ಬಿಟ್ಟದ್ದು. -118ಕ್ಕೆ ಹಾಕಿದ್ರೆ ನಿಮ್ಮ -121ರ ಬ್ಯಾಂಡ್ 3 ಸೇರೋದೂ ಇಲ್ಲ, ಸೇರಿದ್ರೂ ನಿಲ್ಲೋದಿಲ್ಲ.

ಮೂಲೆಮನೆ_ವೈಫೈ
ಮೇಡಂ, ಎದ್ದಿದೆಯೋ ಮಲಗಿದೆಯೋ ನೋಡೋದು ಹೇಗೆ?

ಆರ್‌ಎಫ್_ರಾಧಿಕಾ
ರೂಟರ್‌ನಲ್ಲಿ ಪ್ರತಿ ಬ್ಯಾಂಡ್‌ಗೆ ಬೇರೆ ಬೇರೆ ಡೇಟಾ ಲೆಕ್ಕ ಇದ್ರೆ ಅದೇ ಸಾಕು. ಇಲ್ಲಾಂದ್ರೆ ಅದೇ ಸಿಮ್ ಒಂದು ಆಂಡ್ರಾಯ್ಡ್ ಫೋನ್‌ಗೆ ಹಾಕಿ, ದೊಡ್ಡ ಫೈಲ್ ಡೌನ್‌ಲೋಡ್‌ಗೆ ಬಿಟ್ಟು, ಕಂಪ್ಯೂಟರ್‌ನಿಂದ ಇದನ್ನ ಓಡಿಸಿ:

```
adb shell dumpsys telephony.registry | grep -i PhysicalChannelConfig
```

`PrimaryServing` ಒಂದು, `SecondaryServing` ಸೊನ್ನೆ ಅಥವಾ ಹೆಚ್ಚು ಕಾಣುತ್ತೆ, ಪಕ್ಕದಲ್ಲಿ ಅಗಲ ಕಿಲೋಹರ್ಟ್ಸ್‌ನಲ್ಲಿ. ಡೌನ್‌ಲೋಡ್ ಓಡದೆ ಇದ್ದಾಗ ನೋಡಿದ್ರೆ ಖಾಲಿ ಇರಬಹುದು, ಗಾಬರಿ ಬೇಡ. ಕೆಲವು ಫೋನ್‌ಗಳು ಈ ಮಾಹಿತಿ ಬಿಟ್ಟುಕೊಡೋದೇ ಇಲ್ಲ. ಫೋನ್ ಆಂಟೆನಾ ಚಿಕ್ಕದು, ಹಾಗಾಗಿ ರೂಟರ್‌ಗೆ ಸಿಕ್ಕಿದ್ದೆಲ್ಲ ಫೋನ್‌ಗೆ ಸಿಗುತ್ತೆ ಅಂತಲೂ ಅಂದ್ಕೋಬೇಡಿ.

ಪುಟ್ಟಸ್ವಾಮಿ_ಪಿಂಗ್
ನನ್ನ ಫೋನಲ್ಲಿ ಎರಡು ಸಿಮ್ ಇದೆ, ಬೇರೆ ಬೇರೆ ಕಂಪನಿ. ಎರಡೂ ಸೇರಿಸಿ ಅಗ್ರಿಗೇಶನ್ ಮಾಡೋ ಸೆಟ್ಟಿಂಗ್ ಎಲ್ಲಿದೆ?

ಡೆಸಿಬಲ್_ದಾಸ
ಎಲ್ಲೂ ಇಲ್ಲ ಸ್ವಾಮಿ. ಸೇರಿಸೋದು ಬೇಸ್ ಸ್ಟೇಷನ್, ನಿಮ್ಮ ಫೋನಲ್ಲ. ಒಂದೇ ಶೆಡ್ಯೂಲರ್ ಎರಡೂ ಬ್ಯಾಂಡ್‌ಗೆ ಡೇಟಾ ಹಂಚಬೇಕು. ಎರಡು ಸಿಮ್ ಅಂದ್ರೆ ಎರಡು ಬೇರೆ ಸಂಪರ್ಕ.

ಕಂಬಿ_ಕಿಟ್ಟಿ
ಸರಿ, ಸಿಗ್ನಲ್ ಸೇರಲ್ಲ, ಒಪ್ಪಿದೆ. ಆದ್ರೆ ಬ್ಯಾಂಡ್ 3 ಒಂದೇ ಲಾಕ್ ಮಾಡಿದ್ರೂ ನಿಮ್ಮ ಲೆಕ್ಕದಲ್ಲಿ 9 ಬರಬೇಕಲ್ಲ? ಅವರಿಗೆ ಬಂದದ್ದು 4. ಲೆಕ್ಕ ಎಲ್ಲಿ ತಪ್ತು?

ಡೆಸಿಬಲ್_ದಾಸ
ಒಳ್ಳೆ ಪ್ರಶ್ನೆ. ಇಲ್ಲೇ ಇರೋದು ಅಸಲಿ ವಿಷಯ, ಎಲ್ರೂ ಡೌನ್‌ಲೋಡ್ ನೋಡ್ತಾ ಕೂತಿರ್ತಾರೆ, ಅಪ್‌ಲಿಂಕ್ ಮರೀತಾರೆ.

ಟವರ್‌ಗೆ 40 ವಾಟ್ ಇದೆ. ನಿಮ್ಮ ರೂಟರ್‌ಗೆ ಇರೋದು 23 ಡಿಬಿಎಂ, ಅಂದ್ರೆ 0.2 ವಾಟ್. ಅದು ಎಷ್ಟು ಪವರ್‌ನಲ್ಲಿ ಕಳಿಸಬೇಕು ಅನ್ನೋ ಸೂತ್ರ ಹೆಚ್ಚುಕಡಿಮೆ ಹೀಗೆ:

```
P = min(23, 10*log10(M) + P0 + a*PL)
```

M ಅಂದ್ರೆ ಎಷ್ಟು ರಿಸೋರ್ಸ್ ಬ್ಲಾಕ್, PL ಅಂದ್ರೆ ದಾರಿಯಲ್ಲಾಗೋ ನಷ್ಟ. P0 ಮತ್ತು a ಆಪರೇಟರ್ ಇಡೋ ಅಂಕಿ. ಉದಾಹರಣೆಗೆ -90 ಮತ್ತು 0.8 ಅಂತಿರಲಿ.

ಬ್ಯಾಂಡ್ 20ರಲ್ಲಿ ಟವರ್ ಒಂದು ಸಬ್‌ಕ್ಯಾರಿಯರ್‌ಗೆ 18 ಡಿಬಿಎಂ ಬಿಡುತ್ತೆ, ನಿಮಗೆ ಸಿಗೋದು -112, ನಷ್ಟ 130 ಡಿಬಿ. ಒಂದು ಬ್ಲಾಕ್ ಕಳಿಸೋಕೆ 14 ಡಿಬಿಎಂ ಬೇಕು. 23ರವರೆಗೆ 9 ಡಿಬಿ ಉಳಿದಿದೆ, ಅಂದ್ರೆ ಒಟ್ಟಿಗೆ 7 ಅಥವಾ 8 ಬ್ಲಾಕ್ ಕಳಿಸಬಹುದು. ಬ್ಯಾಂಡ್ 3ರಲ್ಲಿ ಟವರ್ ಬಿಡೋದು 15, ಸಿಗೋದು -121, ನಷ್ಟ 136. ಒಂದು ಬ್ಲಾಕ್‌ಗೇ 19 ಡಿಬಿಎಂ ಹೋಯ್ತು. ಉಳಿದದ್ದು 4 ಡಿಬಿ, ಅಂದ್ರೆ 2 ಬ್ಲಾಕ್. ಅಂಚಿನ ಗುಣಮಟ್ಟದಲ್ಲಿ ಆ 2 ಬ್ಲಾಕ್‌ನಿಂದ 0.2 ಎಂಬಿಪಿಎಸ್ ಸಿಕ್ಕಿದ್ರೆ ಪುಣ್ಯ.

ಡೌನ್‌ಲೋಡ್ ಆಗೋಕೆ ಟಿಸಿಪಿ ಆಕ್, ಅಂದ್ರೆ "ಡೇಟಾ ಸಿಕ್ತು" ಅನ್ನೋ ಉತ್ತರ, ವಾಪಸ್ ಹೋಗಲೇಬೇಕು. ಡೌನ್‌ಲೋಡ್‌ನ ಒಂದೂವರೆ, ಎರಡು ಪರ್ಸೆಂಟ್ ಅಪ್‌ಲೋಡ್ ಅದಕ್ಕೇ ಬೇಕು. 9 ಎಂಬಿಪಿಎಸ್‌ಗೆ ಸುಮಾರು 0.15ರಿಂದ 0.2. ಅಪ್‌ಲೋಡ್ ಪೂರ್ತಿ ಅದಕ್ಕೇ ಮುಗಿದುಹೋಯ್ತು. ಹಿನ್ನೆಲೆಯಲ್ಲಿ ಒಂದು ಫೋನ್ ಫೋಟೋ ಬ್ಯಾಕಪ್ ಶುರು ಮಾಡಿದ್ರೆ ಆಕ್‌ಗಳು ಸಾಲಲ್ಲಿ ನಿಲ್ತಾವೆ, 9 ಬರಬೇಕಾದದ್ದು 4ಕ್ಕೆ ಕೂರುತ್ತೆ. ಮೂಲೆಮನೆಯವರಿಗೆ ಆಗಿರೋದು ಇದೇ ಅಂತ ನನ್ನ ಅನಿಸಿಕೆ.

ಮೂಲೆಮನೆ_ವೈಫೈ
ಫೋಟೋ ಬ್ಯಾಕಪ್ ಆನ್ ಇದೆ! ಎರಡು ಫೋನ್‌ನಲ್ಲೂ.

ಟವರ್_ತಿಮ್ಮ
ನಾನು ಹೇಳಿದ್ದೇ ಬಂತಲ್ಲ. ಬ್ಯಾಂಡ್ 20 ಲಾಕ್ ಮಾಡಿ ಅಂದೆ.

ಆರ್‌ಎಫ್_ರಾಧಿಕಾ
ಅರ್ಧ ಬಂತು. ನೀವು ಹೇಳಿದ್ದು ಸಿಎ ಬೇಡ ಅಂತ. ದಾಸರ ಲೆಕ್ಕ ಹೇಳೋದು ಪ್ರೈಮರಿ ಸೆಲ್ ಬ್ಯಾಂಡ್ 20 ಆಗಿರಲಿ ಅಂತ. ಡೌನ್‌ಲಿಂಕ್ ಮಾತ್ರ ಸೇರಿಸಿದಾಗ ಅಪ್‌ಲೋಡ್ ಡೇಟಾ, ಆಕ್, ಚಾನೆಲ್ ವರದಿ ಎಲ್ಲವೂ ಪ್ರೈಮರಿ ಸೆಲ್‌ನ ಅಪ್‌ಲಿಂಕ್‌ನಲ್ಲೇ ಹೋಗೋದು. ಪ್ರೈಮರಿ 20, ಸೆಕೆಂಡರಿ 3 ಆದ್ರೆ 8 ಬ್ಲಾಕ್‌ನ ಅಪ್‌ಲಿಂಕ್ ಮೇಲೆ 18ರ ಡೌನ್‌ಲೋಡ್ ಕೂರುತ್ತೆ. ತಿರುಗುಮುರುಗಾಗಿ ಪ್ರೈಮರಿ 3 ಆದ್ರೆ, ಡೌನ್‌ಲಿಂಕ್‌ನಲ್ಲಿ ಅವೇ ಎರಡು ಬ್ಯಾಂಡ್ ಇದ್ರೂ 2 ಬ್ಲಾಕ್‌ನ ಅಪ್‌ಲಿಂಕ್ ಎಲ್ಲವನ್ನೂ ಕುತ್ತಿಗೆ ಹಿಸುಕುತ್ತೆ. ಪಟ್ಟಿಯಲ್ಲಿ ಎರಡೂ ಒಂದೇ ಥರ "B3 + B20" ಅಂತ ಕಾಣೋದ್ರಿಂದ ಜನ ಮೋಸಹೋಗ್ತಾರೆ. ಯಾವುದು ಪ್ರೈಮರಿ ಅನ್ನೋದನ್ನ ಮೊದಲು ನೋಡಿ.

ತಿಮ್ಮಣ್ಣ ಪರವಾಗಿ ಒಂದು ಮಾತು: ಸೆಕೆಂಡರಿ ಸೆಲ್ ಪುಕ್ಕಟೆ ಅಲ್ಲ. ಅದರ ಆಕ್ ಬಿಟ್‌ಗಳೂ ಪ್ರೈಮರಿಯ ಕಂಟ್ರೋಲ್ ಚಾನೆಲ್‌ನಲ್ಲೇ ಹೋಗಬೇಕು, ಬಿಟ್ ಹೆಚ್ಚಾದಷ್ಟೂ ಅದನ್ನ ಸರಿಯಾಗಿ ಓದೋಕೆ ಟವರ್‌ಗೆ ಗಟ್ಟಿ ಸಿಗ್ನಲ್ ಬೇಕು. ಅಪ್‌ಲಿಂಕ್ ಈಗಾಗಲೇ ಕೊನೆಯುಸಿರಲ್ಲಿದ್ರೆ ಎರಡನೇ ಬ್ಯಾಂಡ್ ಸೇರಿಸಿ ಮೊದಲನೆಯದನ್ನೂ ಕೆಡಿಸಿಕೊಳ್ಳಬಹುದು.

ನೆಟ್ಟಗೆ_ನೇತ್ರಾವತಿ
ಇದಕ್ಕೇ ಅಲ್ವಾ ಅಪ್‌ಲಿಂಕ್‌ನಲ್ಲೂ ಅಗ್ರಿಗೇಶನ್ ಬಂದಿರೋದು? ಅಪ್‌ಲೋಡ್‌ನಲ್ಲೂ ಎರಡು ಬ್ಯಾಂಡ್ ಬಳಸಿದ್ರೆ ಆಯ್ತಪ್ಪ.

ಡೆಸಿಬಲ್_ದಾಸ
ಅಂಚಲ್ಲಿ ಅದು ಕೆಲಸಕ್ಕೆ ಬರಲ್ಲ ಮೇಡಂ. 23 ಡಿಬಿಎಂ ಒಟ್ಟು ಮಿತಿ, ಬ್ಯಾಂಡಿಗೊಂದು ಅಲ್ಲ. ಎರಡಕ್ಕೆ ಸಮನಾಗಿ ಹಂಚಿದ್ರೆ ಒಂದೊಂದಕ್ಕೆ 20. ಕಡಿಮೆ ನಷ್ಟದ ಬ್ಯಾಂಡ್‌ನಲ್ಲಿ ಚೆನ್ನಾಗಿ ಹೋಗ್ತಿದ್ದ ಪವರ್‌ನ ಅರ್ಧ ತೆಗೆದು ಹೆಚ್ಚು ನಷ್ಟದ ಬ್ಯಾಂಡ್‌ಗೆ ಸುರಿದ ಹಾಗೆ. ಪವರ್ ಉಳಿದಿರೋರಿಗೆ ಮಾತ್ರ ಅಪ್‌ಲಿಂಕ್ ಸಿಎ.

ಐದನೇಜೀ_ಅನಂತ
ನನ್ನ ಕೇಸ್ ಬೇರೆ. 5ಜಿ, ಎನ್78 (3500) ಮತ್ತು ಎನ್28 (700). ಎನ್78 ಒಂದೇ ಇದ್ದಾಗ ಒಳಗಿನ ರೂಮಲ್ಲಿ ಸಂಪರ್ಕವೇ ಕಡಿದುಹೋಗುತ್ತೆ. ಎನ್28 ಪ್ರೈಮರಿ ಆಗಿ ಎನ್78 ಸೇರಿದಾಗ ಅದೇ ರೂಮಲ್ಲಿ 100ರ ಹತ್ರ ಡೌನ್‌ಲೋಡ್. ಹಾಗಾದ್ರೆ ಸಿಎ ಅಂಚನ್ನ ದೂರ ತಳ್ಳಿತು ಅಂತಲ್ವಾ? ಇಲ್ಲಿ ಎಲ್ರೂ ಉಲ್ಟಾ ಹೇಳ್ತಿದ್ದೀರಿ.

ಆರ್‌ಎಫ್_ರಾಧಿಕಾ
ಉಲ್ಟಾ ಅಲ್ಲ, ಅದೇ ಮಾತು ಇನ್ನೂ ಜೋರಾಗಿ. ಎನ್78ರಲ್ಲಿ ಮೊದಲು ಸಾಯೋದು ಅಪ್‌ಲಿಂಕ್. ಟವರ್‌ನಲ್ಲಿ ದೊಡ್ಡ ಆಂಟೆನಾ ಫಲಕ, ಬೀಮ್, ಭರ್ತಿ ಪವರ್, ಹಾಗಾಗಿ ಡೌನ್‌ಲಿಂಕ್ ನಿಮ್ಮ ರೂಮಿಗೂ ತಲುಪುತ್ತೆ. ವಾಪಸ್ ಕೂಗೋಕೆ ಫೋನ್‌ಗೆ ಶಕ್ತಿ ಇಲ್ಲ. ಅದು ಟಿಡಿಡಿ ಬೇರೆ, ಅಪ್‌ಲೋಡ್‌ಗೆ ಸಿಗೋದು ಸಮಯದ ಸಣ್ಣ ಪಾಲು. ಅಪ್‌ಲಿಂಕ್‌ನ ಎನ್28ಕ್ಕೆ ವಹಿಸಿದ ಕೂಡ್ಲೇ ಎನ್78ರ ಡೌನ್‌ಲಿಂಕ್ ಬಳಕೆಗೆ ಬಂತು. ಅಂದ್ರೆ ಎನ್78ರ ಅಂಚು ದೂರ ಹೋಯ್ತು. ಎನ್28ರ ಅಂಚು ಇದ್ದಲ್ಲೇ ಇದೆ, ಅಲ್ಲಿಗೆ ಹೋಗಿ ನಿಂತ್ರೆ ಎನ್78 ಕಾಣೋದೇ ಇಲ್ಲ, ಸೇರಿಸೋಕೆ ಏನೂ ಇರಲ್ಲ.

ಐದನೇಜೀ_ಅನಂತ
ಓಹ್, ಯಾರ ಅಂಚು ಅಂತ ಕೇಳಬೇಕು. ಸರಿ ಸರಿ. ಆದ್ರೆ 4ಜಿ ಬ್ಯಾಂಡ್ 3 ಜೊತೆ ಎನ್78 ಕಟ್ಟಿದಾಗ ಎನ್78 ಸ್ವಲ್ಪ ಕುಂಟುತ್ತೆ, ಯಾಕೆ?

ಡೆಸಿಬಲ್_ದಾಸ
ಬ್ಯಾಂಡ್ 3ರ ಅಪ್‌ಲಿಂಕ್ 1710ರಿಂದ 1785. ಎರಡರಿಂದ ಗುಣಿಸಿ: 3420ರಿಂದ 3570. ಎನ್78ರ ಒಳಗೇ ಬಿತ್ತು. ಫೋನ್ ಭರ್ತಿ ಪವರ್‌ನಲ್ಲಿ ಕಳಿಸುವಾಗ ಅದರದ್ದೇ ಎರಡನೇ ಹಾರ್ಮೋನಿಕ್ ಅದರ ಕಿವಿಗೇ ಬೀಳುತ್ತೆ. ಅಂಚಲ್ಲಿ ಇದ್ದಷ್ಟೂ ಪವರ್ ಜಾಸ್ತಿ, ಬರೋ ಸಿಗ್ನಲ್ ಕಡಿಮೆ, ಹಾಗಾಗಿ ಪೆಟ್ಟು ಅಲ್ಲೇ ಜಾಸ್ತಿ. ನಿಮ್ಮ ಎನ್78 ನಿಖರವಾಗಿ ಯಾವ ಫ್ರೀಕ್ವೆನ್ಸಿಯಲ್ಲಿದೆ ನೋಡಿ, 3600ರ ಮೇಲಿದ್ರೆ ಕಾರಣ ಬೇರೆ.

ಮೂಲೆಮನೆ_ವೈಫೈ
ಬ್ಯಾಕಪ್ ನಿಲ್ಲಿಸಿದೆ. ಬ್ಯಾಂಡ್ 3 ಲಾಕ್‌ನಲ್ಲಿ 4 ಇದ್ದದ್ದು 7ಕ್ಕೆ ಬಂತು. ಆಮೇಲೆ ಎರಡೂ ಬ್ಯಾಂಡ್ ಬಿಟ್ಟು ನೋಡಿದೆ, ಪ್ರೈಮರಿ ಕಾಲಂನಲ್ಲಿ B3 ಅಂತಿದೆ! ಇದನ್ನ ಬದಲಾಯಿಸೋದು ಹೇಗೆ? ಪ್ರೈಮರಿ ಆರಿಸೋ ಆಯ್ಕೆ ಪುಟದಲ್ಲಿ ಇಲ್ಲ.

ಆರ್‌ಎಫ್_ರಾಧಿಕಾ
ಅದನ್ನ ನಿರ್ಧರಿಸೋದು ನೆಟ್‌ವರ್ಕ್. ಅಗಲ ಜಾಸ್ತಿ ಇರೋ ಬ್ಯಾಂಡ್‌ಗೆ ಆದ್ಯತೆ ಇಟ್ಟಿರ್ತಾರೆ, ಸುಮ್ಮನಿದ್ದಾಗ ರೂಟರ್ ಅಲ್ಲೇ ಹೋಗಿ ಕೂತಿರುತ್ತೆ. ಒಂದು ಉಪಾಯ: ಮೊದಲು 20 ಒಂದನ್ನೇ ಲಾಕ್ ಮಾಡಿ, ಡೌನ್‌ಲೋಡ್ ಶುರು ಮಾಡಿ, ಸಂಪರ್ಕ ಬಿಡದೆ 3ನ್ನೂ ಪಟ್ಟಿಗೆ ಸೇರಿಸಿ. ಕೆಲವು ಫರ್ಮ್‌ವೇರ್ ಬ್ಯಾಂಡ್ ಪಟ್ಟಿ ಬದಲಾದ ಕೂಡ್ಲೇ ಮೋಡೆಮ್‌ನ ಮರುಶುರು ಮಾಡಿಬಿಡುತ್ತೆ, ಅಲ್ಲಿಗೆ ಉಪಾಯ ಮುಗೀತು. ನಿಂತರೂ ನೆಟ್‌ವರ್ಕ್ ಯಾವಾಗ ಬೇಕಾದ್ರೂ 3ಕ್ಕೆ ಹ್ಯಾಂಡೋವರ್ ಮಾಡಬಹುದು.

ಟವರ್_ತಿಮ್ಮ
ಇಷ್ಟೆಲ್ಲ ಸರ್ಕಸ್ಸಿಗಿಂತ ಹೊರಗೆ ಒಂದು ಆಂಟೆನಾ ಹಾಕಿ. ಡಿಬಿ ಬೇಕಾದಾಗ ಡಿಬಿನೇ ಕೊಡಬೇಕು.

ಡೆಸಿಬಲ್_ದಾಸ
ಇದು ಮಾತ್ರ ನೂರಕ್ಕೆ ನೂರು. ದಿಕ್ಕಿನ ಆಂಟೆನಾ 8 ಡಿಬಿ ಕೊಟ್ರೆ ಡೌನ್‌ಲಿಂಕ್‌ಗೂ ಅಪ್‌ಲಿಂಕ್‌ಗೂ ಸಿಗುತ್ತೆ, ಪಕ್ಕದ ಸೆಲ್‌ನ ಗಲಾಟೆಯೂ ಒಂದಿಷ್ಟು ಕಡಿಮೆಯಾಗುತ್ತೆ. ಯಾವ ಸಿಎ ಕೂಡ ಮಾಡದ ಕೆಲಸ ಅದು. ಎರಡು ಎಚ್ಚರಿಕೆ. ಲಾಗ್ ಪೀರಿಯಾಡಿಕ್ ಥರದ್ದು ತಗೊಳ್ಳಿ, ಒಂದೇ ಬ್ಯಾಂಡ್‌ನ ಯಾಗಿ ಹಾಕಿದ್ರೆ ಸೆಕೆಂಡರಿ ಮಂಗಮಾಯ. ಎರಡನೆಯದು ಕೇಬಲ್: LMR-200ರ ಥರದ್ದು 10 ಮೀಟರ್ ಎಳೆದ್ರೆ 900ರಲ್ಲಿ ಸುಮಾರು 3 ಡಿಬಿ, 2500ರಲ್ಲಿ 5ಕ್ಕೂ ಜಾಸ್ತಿ ಹೋಗುತ್ತೆ. ಮೊದಲೇ ಬಡವಾಗಿರೋ ಮೇಲಿನ ಬ್ಯಾಂಡ್‌ಗೇ ಹೆಚ್ಚು ನಷ್ಟ. ರೂಟರ್‌ನೇ ಆಂಟೆನಾ ಹತ್ರ ತಗೊಂಡು ಹೋಗಿ ಈಥರ್ನೆಟ್ ಕೆಳಗಿಳಿಸಿ.

ಕಂಬಿ_ಕಿಟ್ಟಿ
ಬ್ಯಾಂಡ್ 20ಕ್ಕೆ ಒಂದು ಆಂಟೆನಾ ದೂರದ ಟವರ್ ಕಡೆ, ಬ್ಯಾಂಡ್ 7ಕ್ಕೆ ಇನ್ನೊಂದು ಬೇರೆ ಟವರ್ ಕಡೆ ತಿರುಗಿಸಿದ್ರೆ?

ಆರ್‌ಎಫ್_ರಾಧಿಕಾ
ಬೇಡ. ಪ್ರೈಮರಿ, ಸೆಕೆಂಡರಿ ಎರಡೂ ಸಾಮಾನ್ಯವಾಗಿ ಒಂದೇ ಬೇಸ್ ಸ್ಟೇಷನ್‌ನದ್ದೇ ಆಗಿರಬೇಕು. ಬೇರೆ ಕಂಬದ ಬ್ಯಾಂಡ್ 7 ಎಷ್ಟು ಚೆನ್ನಾಗಿ ಕಂಡ್ರೂ ಸೇರಲ್ಲ. ಮೇಲಾಗಿ ಎರಡು ಆಂಟೆನಾ ಎರಡು ದಿಕ್ಕಿಗೆ ತಿರುಗಿದ್ರೆ ಪ್ರತಿ ಬ್ಯಾಂಡ್‌ನಲ್ಲೂ ಎರಡನೇ ರಿಸೀವರ್ ಕಿವುಡಾಗುತ್ತೆ, ಇರೋ SINR ಕೂಡ ಕಳ್ಕೋತೀರಿ.

ಮೂಲೆಮನೆ_ವೈಫೈ
ಉಪಾಯ ಮಾಡಿ ನೋಡಿದೆ. ಪ್ರೈಮರಿ B20, ಸೆಕೆಂಡರಿ B3 ಬಂತು, 14 ತೋರಿಸ್ತು. ಐದು ನಿಮಿಷಕ್ಕೆ B3 ಮಾಯ, ಮತ್ತೆ ಬಂತು, ಮತ್ತೆ ಮಾಯ. ಬಂದು ಹೋಗುವಾಗೆಲ್ಲ ಪಿಂಗ್ ಹಾರುತ್ತೆ.

ಡೆಸಿಬಲ್_ದಾಸ
-121 ಅವರ ಗೆರೆ ಮೇಲೇ ಕೂತಿದೆ ಅಂತಾಯ್ತು. 3, 4 ಡಿಬಿ ಮೇಲೆತ್ತಿದ್ರೆ ನಿಲ್ಲಬಹುದು.

ಟವರ್_ತಿಮ್ಮ
ಪಿಂಗ್ ಮುಖ್ಯ ಇದ್ರೆ ಅಲ್ಲಿವರೆಗೆ 20 ಲಾಕ್. ಈಗಲೂ ಅದನ್ನೇ ಹೇಳ್ತೀನಿ.

ಆರ್‌ಎಫ್_ರಾಧಿಕಾ
ವಿಡಿಯೋ ಕಾಲ್‌ಗೆ ಹೌದು, ಡೌನ್‌ಲೋಡ್‌ಗೆ ನಾನು ಒಪ್ಪಲ್ಲ. ಸೆಕೆಂಡರಿ ಬಿದ್ದಾಗ ಪಿಂಗ್ ಎಷ್ಟಕ್ಕೆ ಹಾರುತ್ತೆ ಮೂಲೆಮನೆಯವ್ರೇ? 100 ಮಿಲಿಸೆಕೆಂಡ್ ಒಳಗೋ, ಸೆಕೆಂಡ್‌ಗಟ್ಟಲೆಯೋ? ಸೆಕೆಂಡ್‌ಗಟ್ಟಲೆ ಆದ್ರೆ ಬೀಳ್ತಿರೋದು ಸೆಕೆಂಡರಿ ಅಲ್ಲ, ಇಡೀ ಸಂಪರ್ಕವೇ ಕಡಿದು ಮತ್ತೆ ಕೂಡ್ತಿದೆ. ಲಾಗ್ ಇದ್ರೆ ಹಾಕಿ.